ತೊಣ್ಣೂರು ಕೆರೆ ಮಾಯ, ಗದ್ದೆಯೆಲ್ಲ ನೀಲಿ: ಉಪಗ್ರಹ ಚಿತ್ರದಲ್ಲಿ ಕೆರೆ, ಗದ್ದೆ, ನಾಲೆ ಬೇರೆ ಮಾಡೋದು ಹೇಗೆ?

ಏರಿಮೇಲೆ (ಮಂಡ್ಯ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮೂರ ಕೆರೆ ಹೂಳೆತ್ತಿಸಿ ಅಂತ ಪಂಚಾಯ್ತಿಗೆ ಅರ್ಜಿ ಕೊಡುತ್ತಿದ್ದೇವೆ. ಅದರ ಜೊತೆ ಇಡಲು ಒಂದು ನಕ್ಷೆ ಮಾಡಬೇಕು. ಸುತ್ತಲ ಕೆರೆಗಳು, ದಾರಿಗಳು, ಗದ್ದೆ, ಕಬ್ಬು, ಎಲ್ಲ ಅದರಲ್ಲಿ ಬರಬೇಕು. 2024ರ ಆಗಸ್ಟ್ ತಿಂಗಳ ಸೆಂಟಿನೆಲ್-2 ಚಿತ್ರ ಇಳಿಸಿಕೊಂಡು ಕ್ಯೂಜಿಐಎಸ್‌ನ ರಾಸ್ಟರ್ ಕ್ಯಾಲ್ಕುಲೇಟರ್‌ನಲ್ಲಿ ನೀರಿನ ಸೂಚ್ಯಂಕ ತೆಗೆದೆ.

```
("B03@1" - "B08@1") / ("B03@1" + "B08@1")
```

0.2ಕ್ಕಿಂತ ಜಾಸ್ತಿ ಬಂದದ್ದೆಲ್ಲ ನೀರು ಅಂತ ಒಂದು ವಿಡಿಯೋದಲ್ಲಿ ಹೇಳಿದ್ದರು. ಹಾಗೆ ಇಟ್ಟರೆ ತೊಣ್ಣೂರು ಕೆರೆಯೇ ಕಾಣುವುದಿಲ್ಲ. ಅಷ್ಟು ತಿಳಿನೀರಿನ ಕೆರೆ! ಅದರ ನಡುವೆ ಒತ್ತಿ ನೋಡಿದರೆ 0.14 ಅನ್ನುತ್ತದೆ. ಮಿತಿಯನ್ನು 0ಗೆ ಇಳಿಸಿದರೆ ಕೆರೆ ಬರುತ್ತದೆ, ಆದರೆ ವಿಶ್ವೇಶ್ವರಯ್ಯ ನಾಲೆ ಕೆಳಗಿನ ಗದ್ದೆಗಳೂ ನೀಲಿಯಾಗುತ್ತವೆ. ನಮ್ಮೂರ ಕೆರೆ ಮಾತ್ರ ಅರ್ಧಕ್ಕರ್ಧ ಹೊಲದ ಹಾಗೆ ಕಾಣುತ್ತದೆ.

ಇನ್ನೊಂದು ಪ್ರಶ್ನೆ. ಊರ ಮೇಲ್ಗಡೆ ಒಂದು ಗೆರೆ ಬಳುಕಿಕೊಂಡು ಹೋಗುತ್ತದೆ. ಅದು ರಸ್ತೆಯಾ, ನಾಲೆಯಾ? ಒಂದು ಕಡೆ ಥಟ್ಟನೆ ನಿಂತು ಹೋಗಿ ಮುಂದೆಲ್ಲೋ ಮತ್ತೆ ಶುರುವಾಗುತ್ತದೆ.

ಮೋಡದಾಚೆ

ಆಗಸ್ಟ್‌ನಲ್ಲಿ ಮೋಡ ಜಾಸ್ತಿ, ಬಣ್ಣದ ಚಿತ್ರ ನಂಬಬೇಡಿ. ಸೆಂಟಿನೆಲ್-1 ರೇಡಾರ್ ಚಿತ್ರ ತೆಗೆದುಕೊಳ್ಳಿ. ಅದಕ್ಕೆ ಮೋಡ ಅಡ್ಡ ಬರುವುದಿಲ್ಲ. ನೀರಿರುವ ಕಡೆ ಕಪ್ಪು, ಉಳಿದದ್ದು ಬೂದು. ಅಲ್ಲಿಗೆ ಕೆಲಸ ಮುಗಿಯಿತು.

ಕೆ.ಆರ್.ಪೇಟೆ ರೈತ

ನನ್ನದೂ ಇದೇ ತೊಂದರೆ ಸ್ವಾಮಿ. ದಿಶಾಂಕ್ ಆ್ಯಪ್‌ನಲ್ಲಿ ನೋಡಿದರೆ ನಮ್ಮ ಸರ್ವೆ ನಂಬರಿನ ಗೆರೆ ಪಕ್ಕದವರ ತೆಂಗಿನ ಸಾಲಿನ ಮೇಲೆ ಬರುತ್ತದೆ. ಉಪಗ್ರಹ ಚಿತ್ರ ತೋರಿಸಿ ಆ ಸಾಲು ನಮ್ಮದು ಅಂತ ಕೇಳಬಹುದಾ?

ಕುಕ್ಕರಹಳ್ಳಿ ದಂಡೆ (ಮೈಸೂರು)

ರೈತಣ್ಣ, ನಿಮ್ಮದು ಬೇರೆಯೇ ವಿಷಯ. ಹಳೆಯ ಸರ್ವೆ ಗೆರೆಯನ್ನು ಚಿತ್ರದ ಮೇಲೆ ಕೂರಿಸುವಾಗ ಕೆಲವು ಮೀಟರ್ ಆಚೀಚೆ ಆಗುವುದು ಮಾಮೂಲು. ನಿಮ್ಮ ವ್ಯಾಜ್ಯವೂ ಅಷ್ಟೇ ಮೀಟರಿನದು. ಹದ್ದುಬಸ್ತಿಗೆ ಅರ್ಜಿ ಹಾಕಿ, ಸರ್ವೆಯರ್ ಬಂದು ಅಳೆದರೇ ಅದು ತೀರುವುದು. ಚಿತ್ರ ತೋರಿಸಿ ಪಕ್ಕದವರ ಜೊತೆ ಜಗಳಕ್ಕೆ ಹೋಗಬೇಡಿ.

ಏರಿಮೇಲೆಯವರೇ, ಮೊದಲು 0.14ರ ವಿಷಯ ನೋಡೋಣ. ನಿಮ್ಮ ಸೂತ್ರ ಸರಿಯಿದೆ, ಅದಕ್ಕೆ ಹಾಕಿದ ಅಂಕಿಗಳಲ್ಲಿ ತೊಂದರೆ ಇದೆ. 2022ರ ಜನವರಿ 25ರಿಂದ ಸೆಂಟಿನೆಲ್-2 ಕಡತಗಳಲ್ಲಿ ಪ್ರತಿ ಬ್ಯಾಂಡಿನ ಅಂಕಿಗೂ 1000 ಸೇರಿಸಿ ಕೊಡುತ್ತಿದ್ದಾರೆ. ನಿಮ್ಮ ಕಡತದ ಹೆಸರಿನಲ್ಲಿ N ಆದಮೇಲೆ ನಾಲ್ಕು ಅಂಕಿ ಇರುತ್ತವೆ. ಅದು 0400 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 1000 ಸೇರಿದೆ ಅಂತ ಅರ್ಥ. ಹಳೆಯ ವರ್ಷಗಳ ಚಿತ್ರಗಳನ್ನೂ ಈಚೆಗೆ ಮತ್ತೆ ಸಂಸ್ಕರಿಸಿ ಕೊಟ್ಟಿದ್ದಾರೆ. ಅದಕ್ಕೇ ಚಿತ್ರದ ತಾರೀಕು ನೋಡಬೇಡಿ, ಈ N ನೋಡಿ.

ಕೆರೆಯ ನಡುವೆ ನಿಜವಾದ ಅಂಕಿ ಹಸಿರಿನಲ್ಲಿ 600, ಇನ್‌ಫ್ರಾರೆಡ್‌ನಲ್ಲಿ 200 ಅಂತ ಇಟ್ಟುಕೊಳ್ಳಿ. 400ನ್ನು 800ರಿಂದ ಭಾಗಿಸಿದರೆ 0.5 ಬರಬೇಕು. ನಿಮ್ಮ ಕಡತದಲ್ಲಿ ಅವು 1600, 1200 ಆಗಿವೆ. ಕಳೆದಾಗ ಅದೇ 400. ಕೂಡಿದಾಗ ಮಾತ್ರ 2800. ಭಾಗಿಸಿದರೆ 0.14! ನೀರು ಎಲ್ಲೂ ಹೋಗಿಲ್ಲ, ಕೆಳಗಿನ ಸಂಖ್ಯೆ ಉಬ್ಬಿದೆ ಅಷ್ಟೆ. ಹೀಗೆ ಬರೆಯಿರಿ:

```
("B03@1" - "B08@1") / ("B03@1" + "B08@1" - 2000)
```

ಕೆಲವು ತಾಣಗಳು 1000 ತೆಗೆದೇ ಕೊಡುತ್ತವೆ. ಅಂಥ ಚಿತ್ರಕ್ಕೆ ಇದನ್ನು ಹಾಕಿದರೆ ಮತ್ತೆ ಕೆಡುತ್ತದೆ. ಪರೀಕ್ಷೆಗೆ ತೊಣ್ಣೂರು ಕೆರೆಯನ್ನೇ ಇಟ್ಟುಕೊಳ್ಳಿ. ಆಳವಾದ ತಿಳಿನೀರಿಗೆ ಚೆನ್ನಾದ ಧನ ಅಂಕಿ ಬರಲೇಬೇಕು.

ಇನ್ನು ಗದ್ದೆ. ಆಗಸ್ಟ್‌ನಲ್ಲಿ ಅವು ನೀಲಿಯಾಗಿರುವುದು ತಪ್ಪಲ್ಲ, ಅಲ್ಲಿ ನಿಜಕ್ಕೂ ನೀರು ನಿಂತಿದೆ. ನಾಲೆಗೆ ನೀರು ಬಿಟ್ಟಿದ್ದಾರೆ, ಕೆಸರು ಮಾಡಿ ನಾಟಿ ಹಾಕುತ್ತಿದ್ದಾರೆ. ಪೈರು ಇನ್ನೂ ಬೆರಳುದ್ದ, ಹಾಗಾಗಿ ಮೇಲಿಂದ ನೋಡಿದರೆ ನೀರೇ ಕಾಣುವುದು. ಸೂತ್ರ ಸರಿಮಾಡಿ ಮಿತಿಯನ್ನು ಮತ್ತೆ 0.2ಕ್ಕೆ ಇಟ್ಟರೆ ಕೆಸರು ನೀರಿನ ಗದ್ದೆಗಳು ಬಹಳಷ್ಟು ಅದರ ಕೆಳಗೇ ಇರುತ್ತವೆ. ಆದರೂ ಕೆಲವು ಉಳಿಯುತ್ತವೆ. ಮೋಡದಾಚೆಯವರೇ, ರೇಡಾರಿಗೆ ಮೋಡ ಅಡ್ಡಿಯಲ್ಲ ಅನ್ನುವುದು ನಿಜ. ಆದರೆ ನಾಟಿಗೆ ನೀರು ಕಟ್ಟಿದ ಗದ್ದೆಯೂ ರೇಡಾರಿನಲ್ಲಿ ಕಪ್ಪಾಗಿಯೇ ಬರುತ್ತದೆ. ಯಾಕೆಂದರೆ ನಯವಾದ ನೀರಿನ ಮೇಲೆ ಬಿದ್ದ ಅಲೆ ಆ ಕಡೆಗೇ ಜಾರಿ ಹೋಗುತ್ತದೆ, ಉಪಗ್ರಹಕ್ಕೆ ವಾಪಸ್ ಬರುವುದಿಲ್ಲ. ಕೆರೆಯಾದರೂ ಅಷ್ಟೆ, ಗದ್ದೆಯಾದರೂ ಅಷ್ಟೆ.

ಇದಕ್ಕೆ ನಾನು ಮಾಡುವುದು ತಿಂಗಳು ಬದಲಾಯಿಸುವ ಕೆಲಸ. ನವೆಂಬರ್ ಕೊನೆಯದೋ ಡಿಸೆಂಬರ್ ಮೊದಲ ವಾರಗಳದೋ ಚಿತ್ರ ಹುಡುಕಿ. ಭತ್ತ ಹಣ್ಣಾಗಿರುತ್ತದೆ, ಗದ್ದೆಯಲ್ಲಿ ನೀರಿರುವುದಿಲ್ಲ. ಮಳೆಗಾಲದ ನೀರು ಕೆರೆಯಲ್ಲಿ ಇನ್ನೂ ಇರುತ್ತದೆ. ಆಕಾಶವೂ ತಿಳಿಯಾಗಿರುತ್ತದೆ. ಜನವರಿ ಕೊನೆಗೆ ಹೋಗಬೇಡಿ, ಬೇಸಿಗೆ ಬೆಳೆಗೆ ನೀರು ಬಿಟ್ಟರೆ ಮತ್ತೆ ಗದ್ದೆ ತುಂಬುತ್ತದೆ. 2024ರ ಏಪ್ರಿಲ್ ಚಿತ್ರವೂ ಬೇಡ. ಅದರ ಹಿಂದಿನ ಮಳೆಗಾಲ ಕೈಕೊಟ್ಟಿತ್ತು, ಎಷ್ಟೋ ಕೆರೆಗಳೇ ಒಣಗಿದ್ದವು. ಆಗಸ್ಟ್ ಮತ್ತು ಡಿಸೆಂಬರ್ ಎರಡರಲ್ಲೂ ನೀಲಿಯಾಗಿದ್ದರೆ ಕೆರೆ. ಆಗಸ್ಟ್‌ನಲ್ಲಿ ನೀಲಿ, ಅಕ್ಟೋಬರ್‌ನಲ್ಲಿ ಕಡುಹಸಿರು, ಡಿಸೆಂಬರ್‌ನಲ್ಲಿ ಹಳದಿಯೋ ಬರೀ ಕೂಳೆಯೋ ಆದರೆ ಭತ್ತ. ಎಲ್ಲ ತಿಂಗಳೂ ಹಸಿರಾಗಿದ್ದು, ಒಂದು ದಿನ ಇದ್ದಕ್ಕಿದ್ದಂತೆ ನೇರ ಅಂಚಿನ ಖಾಲಿ ಜಾಗ ಕಂಡರೆ ಕಬ್ಬು ಕಡಿದಿದ್ದಾರೆ ಅಂತ. ತೆಂಗಿನ ತೋಟಕ್ಕೆ ಆ ಖಾಲಿಯೂ ಬರುವುದಿಲ್ಲ.

ನೀರಗಂಟಿ

ಮೇಡಂ ಅಂಕಿ ಸಂಖ್ಯೆ ಚೆನ್ನಾಗಿ ಹೇಳಿದ್ದಾರೆ. ನಾನು ಕಣ್ಣಲ್ಲಿ ನೋಡುವುದನ್ನು ಹೇಳುತ್ತೇನೆ. ನೀರಿಲ್ಲದಿದ್ದರೂ ಕೆರೆ ಆಕಾರದಿಂದಲೇ ಸಿಕ್ಕಿಬೀಳುತ್ತದೆ. ಒಂದು ಅಂಚು ನೆಟ್ಟಗೆ ಅಥವಾ ಸ್ವಲ್ಪ ಬಾಗಿ ಇರುತ್ತದೆ. ಅದೇ ಏರಿ. ಸಾಮಾನ್ಯವಾಗಿ ಅದರ ಮೇಲೊಂದು ದಾರಿಯೂ ಇರುತ್ತದೆ. ಉಳಿದ ಅಂಚೆಲ್ಲ ಅಂಕುಡೊಂಕು, ಹಳ್ಳ ಬಂದು ಸೇರುವ ಕಡೆ ಚೂಪಾಗಿ ಒಳಗೆ ಹೋಗಿರುತ್ತದೆ. ಏರಿ ಕೆಳಗೆ ಬೀಸಣಿಗೆ ಬಿಚ್ಚಿದ ಹಾಗೆ ಹಸಿರು ಅಚ್ಚುಕಟ್ಟು. ಈ ಮೂರೂ ಒಟ್ಟಿಗೆ ಕಂಡರೆ ಒಳಗೆ ಹುಲ್ಲು ಬೆಳೆದಿದ್ದರೂ ಅದು ಕೆರೆಯೇ. ಬೇಬಿ ಬೆಟ್ಟದ ಕಡೆ ಕಲ್ಲು ತೆಗೆದ ಗುಂಡಿಗಳಲ್ಲೂ ನೀರು ನಿಂತಿರುತ್ತದೆ. ಅವಕ್ಕೆ ಏರಿಯೂ ಇಲ್ಲ, ಅಚ್ಚುಕಟ್ಟೂ ಇಲ್ಲ. ಸುತ್ತ ಬಿಳಿ ಕಲ್ಲುಪುಡಿ ಇರುತ್ತದೆ.

ನಿಮ್ಮ ಬಳುಕುವ ಗೆರೆ ನಾಲೆಯೇ ಇರಬೇಕು. ನಾಲೆ ಮಟ್ಟ ಹಿಡಿದು ಹೋಗಬೇಕು, ಅದಕ್ಕೇ ಗುಡ್ಡ ಸುತ್ತಿ ಸುತ್ತಿ ಹೋಗುತ್ತದೆ. ರಸ್ತೆಗೆ ಆ ಕಟ್ಟುಪಾಡಿಲ್ಲ, ಊರಿಂದ ಊರಿಗೆ ಹೋದರೆ ಸಾಕು. ಇದಕ್ಕಿಂತ ಗಟ್ಟಿ ಗುರುತು ಎರಡು ಬದಿಯ ಬಣ್ಣ. ನಾಲೆಯ ಕೆಳಬದಿ ಹಸಿರಾಗಿ ತುಂಬಿರುತ್ತದೆ, ಮೇಲ್ಬದಿ ರಾಗಿ ಹೊಲ, ಕುರುಚಲು, ಒಣ ನೆಲ. ರಸ್ತೆಯ ಎರಡು ಬದಿಗೂ ಅಂಥ ವ್ಯತ್ಯಾಸ ಇರುವುದಿಲ್ಲ, ಜೊತೆಗೆ ಅಲ್ಲಲ್ಲಿ ಮನೆ ಅಂಗಡಿ ಅಂಟಿಕೊಂಡಿರುತ್ತವೆ. ನೀರು ನಿಲ್ಲಿಸಿದ ತಿಂಗಳಲ್ಲಿ ನಾಲೆಯ ಕಾಂಕ್ರೀಟ್ ಬಿಳಿಚಿಕೊಂಡು ರಸ್ತೆಯ ಹಾಗೇ ಕಾಣುತ್ತದೆ, ಅಲ್ಲೇ ಎಲ್ಲರಿಗೂ ಗೊಂದಲ.

ಗೆರೆ ನಿಂತು ಹೋಗುವುದು ಹುಲಿಕೆರೆ ಹತ್ತಿರ ತಾನೇ? ಅಲ್ಲಿ ವಿಶ್ವೇಶ್ವರಯ್ಯ ನಾಲೆ ಸುರಂಗದೊಳಗೆ ಹೋಗುತ್ತದೆ. ಗುಡ್ಡದ ಆ ಕಡೆ ಮತ್ತೆ ಹೊರಗೆ ಬರುತ್ತದೆ. ಚಿತ್ರದಲ್ಲಿ ನಡುವೆ ಏನೂ ಕಾಣುವುದಿಲ್ಲ. ನೀವು ನಕ್ಷೆಯಲ್ಲಿ ಚುಕ್ಕೆ ಗೆರೆ ಹಾಕಿ.

ಮೋಡದಾಚೆ

ಗದ್ದೆ ವಿಷಯ ಒಪ್ಪಿದೆ ಮೇಡಂ. ಆದರೆ ಸಣ್ಣ ದಾರಿಗಳಿಗೆ ಏನು ಮಾಡುವುದು? ಸೆಂಟಿನೆಲ್‌ನಲ್ಲಿ ಮೈಸೂರು-ಬೆಂಗಳೂರು ಹೆದ್ದಾರಿ ಚೆನ್ನಾಗಿ ಕಾಣುತ್ತದೆ. ಹಳ್ಳಿ ದಾರಿ ಒಂದು ಕಂಡರೆ ಒಂದು ಕಾಣುವುದಿಲ್ಲ.

ಕುಕ್ಕರಹಳ್ಳಿ ದಂಡೆ (ಮೈಸೂರು)

ಒಂದು ಚುಕ್ಕಿ ಹತ್ತು ಮೀಟರ್ ಅಗಲ. ಒಂದು ಗಾಡಿ ಹೋಗುವ ದಾರಿ ಅದರೊಳಗೆ ಪಕ್ಕದ ಹೊಲದ ಬಣ್ಣದ ಜೊತೆ ಬೆರೆತು ಹೋಗುತ್ತದೆ. ಹಸಿರು ಗದ್ದೆಯ ನಡುವೆ ಬಿಳಿ ಮಣ್ಣಿನ ದಾರಿ ಕಂಡೀತು, ಒಣ ಹೊಲದ ನಡುವೆ ಕಾಣುವುದಿಲ್ಲ. ಸಣ್ಣ ಹಂಚು ನಾಲೆಗಳೂ ಹೀಗೇ. ದಾರಿಗಳನ್ನು ಗೂಗಲ್ ಅರ್ಥ್‌ನ ಸ್ಪಷ್ಟ ಚಿತ್ರ ನೋಡಿ ಎಳೆಯಿರಿ, ನೆಲದ ಬಳಕೆಗೆ ಮಾತ್ರ ಸೆಂಟಿನೆಲ್ ಇಟ್ಟುಕೊಳ್ಳಿ. ರೈಲು ಹಳಿಯನ್ನು ತಿರುವಿನಿಂದ ಹಿಡಿಯಬಹುದು. ರಸ್ತೆಯ ಹಾಗೆ ಥಟ್ಟನೆ ತಿರುಗುವುದಿಲ್ಲ, ದೂರದಿಂದಲೇ ನಿಧಾನಕ್ಕೆ ಬಾಗಿಕೊಂಡು ಬರುತ್ತದೆ.

ಏರಿಮೇಲೆ (ಮಂಡ್ಯ ತಾಲ್ಲೂಕು)

ಕಡತದ ಹೆಸರಿನಲ್ಲಿ N0511 ಇತ್ತು. 2000 ಕಳೆದ ಮೇಲೆ ತೊಣ್ಣೂರು 0.2ರ ಮಿತಿಯಲ್ಲೇ ಪೂರ್ತಿ ಬಂತು. ಡಿಸೆಂಬರ್ ಚಿತ್ರ ಜೊತೆಗಿಟ್ಟು ನೋಡಿದರೆ ನೀಲಿ ಗದ್ದೆಗಳು ಹೋದವು. ಗೆರೆಯೂ ನಾಲೆಯೇ, ಕೆಳಬದಿ ಮಾತ್ರ ಹಸಿರು. ನಿಂತು ಹೋಗುವುದು ಹುಲಿಕೆರೆ ಕಡೆಯೇ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.

ನಮ್ಮೂರ ಕೆರೆ ಮಾತ್ರ ಹಾಗೇ ಉಳಿದಿದೆ. ಅರ್ಧ ಭಾಗ ಎರಡೂ ತಿಂಗಳಲ್ಲಿ ಹಸಿರು. ಸೂಚ್ಯಂಕ -0.6. ಅಂತರಗಂಗೆ ಕಳೆ ಇದೆ ಅಂತ ನನಗೆ ಗೊತ್ತು. ಆದರೆ ಮೇಲ್ತುದಿಯಲ್ಲಿ ಯಾರೋ ಕಬ್ಬು ಹಾಕಿದ್ದಾರೆ ಅಂತಲೂ ಊರಲ್ಲಿ ಮಾತಿದೆ. ಎರಡನ್ನೂ ಬೇರೆ ಮಾಡಬಹುದಾ?

ಕುಕ್ಕರಹಳ್ಳಿ ದಂಡೆ (ಮೈಸೂರು)

ಸೂಚ್ಯಂಕಕ್ಕೆ ಎಲೆ ಕಂಡರೆ ಸಾಕು, ಅದರ ಕೆಳಗೆ ನೀರಿದೆಯೋ ಮಣ್ಣಿದೆಯೋ ಅದಕ್ಕೆ ತಿಳಿಯುವುದಿಲ್ಲ. ಇನ್‌ಫ್ರಾರೆಡ್ ಅನ್ನು ಕೆಂಪಿನ ಜಾಗದಲ್ಲಿಟ್ಟು B08, B04, B03 ಅಂತ ಕೂಡಿಸಿ, ಆಗ ಹಸಿರೆಲೆಯೆಲ್ಲ ಕೆಂಪಾಗಿ ಕಾಣುತ್ತದೆ. ನಾಲ್ಕೈದು ತಾರೀಕಿನ ಚಿತ್ರಗಳನ್ನು ಒಂದರ ಹಿಂದೊಂದು ನೋಡಿ. ಸೆಂಟಿನೆಲ್-2 ಐದು ದಿನಕ್ಕೊಮ್ಮೆ ಬರುತ್ತದೆ, ಚಿತ್ರಕ್ಕೇನೂ ಕೊರತೆಯಿಲ್ಲ. ತೇಲುವ ಕಳೆಯಾದರೆ ಗಾಳಿಗೆ ಜಾಗ ಬದಲಿಸುತ್ತದೆ, ಕೆಂಪು ಅಂಚು ಒಂದೊಂದು ಚಿತ್ರದಲ್ಲಿ ಒಂದೊಂದು ಕಡೆ ಇರುತ್ತದೆ. ಹೊಲದ ಅಂಚು ಅಲ್ಲಾಡುವುದಿಲ್ಲ, ಮೂಲೆಗಳು ಚೌಕವಾಗಿರುತ್ತವೆ.

ನೀರಗಂಟಿ

ಮೇಡಂ, ಇದು ಎಲ್ಲ ಕೆರೆಗೂ ಹೊಂದುವುದಿಲ್ಲ. ಕಳೆ ದಟ್ಟವಾಗಿ ಕಟ್ಟಿಕೊಂಡರೆ ತಿಂಗಳುಗಟ್ಟಲೆ ಕದಲುವುದಿಲ್ಲ. ಮೇಲ್ತುದಿಯಲ್ಲಿ ಜೊಂಡು ಬೇರು ಬಿಟ್ಟಿದ್ದರಂತೂ ಕದಲುವ ಮಾತೇ ಇಲ್ಲ.

ಕುಕ್ಕರಹಳ್ಳಿ ದಂಡೆ (ಮೈಸೂರು)

ಹೌದು, ಜೊಂಡಿದ್ದರೆ ನನ್ನ ಉಪಾಯ ನಡೆಯುವುದಿಲ್ಲ. ಆಗ ಕಬ್ಬು ಕಡಿದ ಖಾಲಿ ಚೌಕ ಯಾವುದಾದರೂ ತಿಂಗಳಲ್ಲಿ ಸಿಗುತ್ತದಾ ಅಂತ ವರ್ಷವಿಡೀ ಹುಡುಕಬೇಕು.

ಏರಿಮೇಲೆ (ಮಂಡ್ಯ ತಾಲ್ಲೂಕು)

ಏಳು ತಾರೀಕಿನ ಚಿತ್ರ ನೋಡಿದೆ. ಏರಿ ಕಡೆಯ ಕೆಂಪು ಸರಿದಾಡುತ್ತಿದೆ, ಅದು ಕಳೆ. ಮೇಲ್ತುದಿಯದು ಕದಲಿಲ್ಲ. ಚೌಕವೂ ಸಿಗಲಿಲ್ಲ. ಜೊಂಡೋ ಕಬ್ಬೋ ಹೇಳಲು ಆಗುತ್ತಿಲ್ಲ.

ನೀರಗಂಟಿ

ಹಾಗಿದ್ದರೆ ಅರ್ಜಿಯ ನಕ್ಷೆಯಲ್ಲಿ ಆ ಜಾಗವನ್ನು ಒತ್ತುವರಿ ಅಂತ ಬರೆಯಬೇಡಿ, ಬೇರೆ ಬಣ್ಣದಲ್ಲಿ "ಹಸಿರು ಹೊದಿಕೆ" ಅಂತಷ್ಟೇ ತೋರಿಸಿ. ಇನ್ನೊಂದು ವಿಷಯ. ಕೆರೆಯ ಗಡಿಯಾಗಿ ನೀಲಿ ಅಂಚನ್ನು ಎಳೆಯಬೇಡಿ, ಅದು ಆ ದಿನದ ನೀರು ಮಾತ್ರ. ಕೋಡಿ ಬೀಳುವ ಮಟ್ಟಕ್ಕೆ ತುಂಬಿದರೆ ನೀರು ಇನ್ನೂ ಮೇಲಕ್ಕೆ ಹೋಗುತ್ತದೆ. ಗ್ರಾಮ ನಕ್ಷೆಯಲ್ಲಿರುವ ಕೆರೆ ಗಡಿಯನ್ನು ಹಾಕಿ, ನೀಲಿ ಭಾಗವನ್ನು ತಾರೀಕು ಬರೆದು ಅದರೊಳಗೆ ತೋರಿಸಿ. ಮೇಲ್ತುದಿ ಆ ಗಡಿಯ ಒಳಗೆ ಬರುತ್ತದಾ ಅಂತ ಮೊದಲು ನೋಡಿ ಹೇಳಿ.