ಅಪ್‌ಡೇಟ್: ವಾಲ್ವ್ ಸ್ಪ್ರಿಂಗ್ ಸರ್ಜ್ ಲೆಕ್ಕ ಸರಿಹೋಯ್ತು

ನಾನು ಕೇಳಿದ್ದು: "3000 ಆರ್‌ಪಿಎಂ ಡೀಸೆಲ್ ಪಂಪ್‌ಸೆಟ್‌ಗೆ 4 ಮಿ.ಮೀ. ತಂತಿ, 28 ಮಿ.ಮೀ. ಸರಾಸರಿ ವ್ಯಾಸ, 6 ಸುತ್ತಿನ ವಾಲ್ವ್ ಸ್ಪ್ರಿಂಗ್. ಸರ್ಜ್ ಚೆಕ್ ಫೇಲ್ ಆಗ್ತಿದೆ, ಯಾಕೆ?"

ಸರ್ಜ್ ಅಂದರೆ ಕ್ಯಾಮ್‌ನ ತಳ್ಳಾಟಕ್ಕೆ ಸ್ಪ್ರಿಂಗ್‌ನ ಸುತ್ತುಗಳು ತಾವೇ ಕಂಪಿಸೋದು; ಅದು ಆಗಬಾರದು ಅಂದರೆ ಸ್ಪ್ರಿಂಗ್‌ನ ಸಹಜ ಕಂಪನ ಕ್ಯಾಮ್ ವೇಗದ ಎಷ್ಟೋ ಪಟ್ಟು ಇರಬೇಕು. ತಪ್ಪು ನನ್ನದೇ. ಆ ಸಹಜ ಕಂಪನಕ್ಕೆ `f = ½√(k/m)` ಹಾಕಿ 303 ಹರ್ಟ್ಜ್ ಬಂದಿತ್ತು, k ಸ್ಪ್ರಿಂಗ್‌ನ ಬಿಗಿತ, m ಸುತ್ತುಗಳ ದ್ರವ್ಯರಾಶಿ, ಅದು ಸರಿ. ಆದರೆ ಅದನ್ನು ಕ್ರ್ಯಾಂಕ್‌ನ 50 ಹರ್ಟ್ಜ್‌ನಿಂದ ಭಾಗಿಸಿ, ಬರೀ ಆರು ಪಟ್ಟು ಅಂತ ಗಾಬರಿಯಾಗಿದ್ದೆ. ನಾಲ್ಕು ಸ್ಟ್ರೋಕ್ ಎಂಜಿನ್ ಅಲ್ವಾ, ಕ್ಯಾಮ್ ಅರ್ಧ ವೇಗದಲ್ಲಿ ತಿರುಗುತ್ತೆ, ಅಂದರೆ 25 ಹರ್ಟ್ಜ್, ಹನ್ನೆರಡು ಪಟ್ಟು.

ಅದೂ ಅಂಚಿನಲ್ಲೇ ಇದೆ. ಮಂಡ್ಯದ ವರ್ಕ್‌ಶಾಪ್‌ನಲ್ಲಿ ಬಿಚ್ಚಿದ ಹಳೆ ಸ್ಪ್ರಿಂಗ್ ನೋಡಿದೆ, ನಡುವಿನ ಸುತ್ತುಗಳು ಒಂದಕ್ಕೊಂದು ಬಡಿದು ಕನ್ನಡಿ ಹಾಗೆ ಹೊಳೀತಿದ್ದವು. ಸರ್ಜ್ ಆದರೆ ಹೀಗೂ ಆಗುತ್ತೆ. ಅದಕ್ಕೇ ಒಂದು ಸುತ್ತು ಕಡಿಮೆ ಮಾಡಿದೆ: 5 ಸುತ್ತಿಗೆ 364 ಹರ್ಟ್ಜ್, ಹದಿನಾಲ್ಕು ಪಟ್ಟಿಗಿಂತ ಜಾಸ್ತಿ.

ಇದಕ್ಕೆ ಬೆಲೆಯೂ ಇದೆ. ಸ್ಪ್ರಿಂಗ್‌ನ ಬಿಗಿತ ಮಿ.ಮೀ.ಗೆ 19ರಿಂದ 23 ನ್ಯೂಟನ್‌ಗೆ ಏರಿತು. ಮುಚ್ಚಿದಾಗ 200 ನ್ಯೂಟನ್, 8 ಮಿ.ಮೀ. ಲಿಫ್ಟ್ ಆದಾಗ ಸುಮಾರು 384. ತಂತಿ ಸುರುಳಿಯಾಗಿ ಬಾಗಿರೋದಕ್ಕೆ ಹಾಕುವ ವಾಲ್ ಫ್ಯಾಕ್ಟರ್ ಸೇರಿಸಿದರೆ ತಂತಿಯ ಒಳಗಿನ ಒತ್ತಡ 520 ಮೆಗಾಪ್ಯಾಸ್ಕಲ್ ಹತ್ತಿರ, ಕ್ರೋಮ್ ಸಿಲಿಕಾನ್ ವಾಲ್ವ್ ತಂತಿ ತಡೆಯುತ್ತೆ. ಪೂರ್ತಿ ತೆರೆದಾಗ ಸ್ಪ್ರಿಂಗ್ 33 ಮಿ.ಮೀ., ತುದಿಯ ಎರಡು ಸುತ್ತೂ ಸೇರಿ ಏಳೂ ಸುತ್ತು ಒಂದಕ್ಕೊಂದು ಕೂಡಿದರೆ 28, ಹಾಗಾಗಿ 5 ಮಿ.ಮೀ. ಜಾಗ ಉಳಿಯುತ್ತೆ.

ಸ್ಪ್ರಿಂಗ್ ಪಕ್ಕಕ್ಕೆ ಬಾಗಿಹೋಗುವ ಬಕ್ಲಿಂಗ್‌ಗೆ ಸುಮ್ನೆ ತಲೆ ಕೆಡಿಸಿಕೊಂಡಿದ್ದೆ. ಎರಡೂ ತುದಿ ಸಪಾಟಾಗಿ ಕೂತಿದ್ದರೆ ಒತ್ತದೇ ಇದ್ದಾಗಿನ ಉದ್ದ ಸರಾಸರಿ ವ್ಯಾಸದ 5.26 ಪಟ್ಟು ದಾಟಬಾರದು. ನನ್ನದು 50 ಮಿ.ಮೀ., ಎರಡು ಪಟ್ಟೂ ಇಲ್ಲ. ಈಗ ತಂತಿ ಹುಡುಕಬೇಕು.