ವಾರಂಟಿಯಲ್ಲೇ ನಾಲ್ಕು ಸಲ ಕೆಟ್ಟ ಪ್ರಿಂಟರ್: ಸರ್ವೀಸ್ ಸೆಂಟರ್‌ಗೆ ಪತ್ರದಲ್ಲಿ ಏನು ಬರೆಯಬೇಕು?

ಕೇಳಿದವರು, ಶಿರಸಿ:
ನನ್ನದು ಸಣ್ಣ ಟೈಪಿಂಗ್, ಜೆರಾಕ್ಸ್ ಅಂಗಡಿ. 2024ರ ಜೂನ್‌ನಲ್ಲಿ ಇಂಕ್ ಟ್ಯಾಂಕ್ ಪ್ರಿಂಟರ್ ತಗೊಂಡೆ, ಒಂದು ವರ್ಷ ವಾರಂಟಿ. ಎಂಟು ತಿಂಗಳಲ್ಲಿ ನಾಲ್ಕು ಸಲ ಕೆಟ್ಟಿತು. ಪ್ರತಿ ಸಲವೂ ಕಪ್ಪು ಅಕ್ಷರದಲ್ಲಿ ಬಿಳಿ ಗೆರೆ. ಹುಡುಗ ಬಂದು ಕ್ಲೀನ್ ಮಾಡಿ ಹೋಗ್ತಾನೆ, ಮತ್ತೆ ಅದೇ ಕಥೆ. ಈಗ ಇಂಕ್ ಚಿಮ್ಮಿಸುವ ಹೆಡ್ ಹೋಗಿದೆ, ದುಡ್ಡು ಕೊಡಿ ಅಂತಿದ್ದಾರೆ. ಪತ್ರ ಬರೆಯಬೇಕು ಅಂತಿದ್ದೇನೆ. ಏನು ಬರೆಯಲಿ? ಕನ್ನಡದಲ್ಲಿ ಬರೆದರೆ ನಡೆಯುತ್ತಾ?

ಹಾಸನದಿಂದ, ಹಿಂದೆ ಸರ್ವೀಸ್ ಸೆಂಟರ್‌ನಲ್ಲಿ ಕೆಲಸ ಮಾಡಿದವರು:
ಮೇಡಂ, ನಾನು ಒಂಬತ್ತು ವರ್ಷ ಮೇಜಿನ ಆ ಕಡೆ ಕೂತಿದ್ದವನು. ಅಲ್ಲಿ ನಿಮ್ಮ ದೂರು ಹೇಗೆ ಕಾಣುತ್ತದೆ ಅಂತ ಮೊದಲು ಹೇಳುತ್ತೇನೆ.

ನಿಮ್ಮ ಲೆಕ್ಕದಲ್ಲಿ ಇದು ನಾಲ್ಕು ಸಲ ಬಂದ ಒಂದೇ ತೊಂದರೆ. ಸೆಂಟರ್‌ನ ಕಂಪ್ಯೂಟರ್‌ನಲ್ಲಿ ಇವು ನಾಲ್ಕು ಬೇರೆ ಬೇರೆ ಕಾಲ್. ಪ್ರತಿಯೊಂದಕ್ಕೂ ಒಂದು ನಂಬರ್, ಪ್ರತಿಯೊಂದರ ಮುಂದೆಯೂ 'ಸರಿಮಾಡಲಾಗಿದೆ, ಗ್ರಾಹಕರು ಒಪ್ಪಿದ್ದಾರೆ' ಅಂತ ಷರಾ. ಆ ಒಪ್ಪಿಗೆ ಎಲ್ಲಿಂದ ಬಂತು ಗೊತ್ತಾ? ಹುಡುಗ ಹೋಗುವಾಗ ನಿಮ್ಮ ಮೊಬೈಲ್‌ಗೆ ಬಂದ ಒಟಿಪಿ ಕೇಳಿರುತ್ತಾನೆ. ಅದನ್ನು ಕೊಟ್ಟ ಕೂಡಲೇ ಕಾಲ್ ಕ್ಲೋಸ್. ನಾಲ್ಕನೇ ಸಲ ಫೋನ್ ಮಾಡಿದಾಗ ಎದುರಿಗಿದ್ದವರಿಗೆ ಹಿಂದಿನ ಮೂರೂ ಮುಗಿದು ಹೋದ ವಿಷಯ.

ಹಾಗಾಗಿ ನಿಮ್ಮ ಪತ್ರದ ಕೆಲಸ ಒಂದೇ: ಆ ನಾಲ್ಕು ಕಾಲ್‌ಗಳನ್ನು ಒಂದೇ ದಾರದಲ್ಲಿ ಪೋಣಿಸುವುದು. ಯಾವ ತಾರೀಖು ದೂರು ಕೊಟ್ಟೆ, ಕಾಲ್ ನಂಬರ್ ಎಷ್ಟು, ಬಂದವರು ಏನು ಮಾಡಿದರು, ಮತ್ತೆ ಯಾವಾಗ ಕೆಟ್ಟಿತು. ನಾಲ್ಕು ಕಡೆಯೂ ತೊಂದರೆಯನ್ನು ಒಂದೇ ಮಾತಿನಲ್ಲಿ ಬರೆಯಿರಿ. ಒಂದು ಕಡೆ 'ಪ್ರಿಂಟ್ ಸರಿ ಬರಲ್ಲ', ಇನ್ನೊಂದು ಕಡೆ 'ಇಂಕ್ ಬರಲ್ಲ' ಅಂದರೆ ಅವು ಬೇರೆ ಬೇರೆ ತೊಂದರೆ ಅಂತ ವಾದ ಮಾಡಲು ದಾರಿ ಸಿಗುತ್ತದೆ.

ಬಂದವರು ಏನು ಮಾಡಿದರು ಅಂತ ಬರೆದುಕೊಡುವ ಜಾಬ್ ಶೀಟ್ ಇಟ್ಟಿದ್ದೀರಾ? ಇಂಕ್ ಎಲ್ಲಿ ಬರುತ್ತಿಲ್ಲ ಅಂತ ನೋಡಲು ತೆಗೆಯುವ ನಾಜಲ್ ಚೆಕ್ ಹಾಳೆ ಯಾವುದಾದರೂ ಉಳಿದಿದೆಯಾ? ಒಟ್ಟು ಎಷ್ಟು ಪುಟ ಪ್ರಿಂಟ್ ಆಗಿದೆ? ಇಂಕ್ ಕಂಪನಿಯದೇನಾ? ಇಷ್ಟು ಹೇಳಿ, ಮುಂದಿನದನ್ನು ನೋಡೋಣ.

ದಾವಣಗೆರೆಯ ಒಬ್ಬ ಮೇಷ್ಟ್ರು:
ನಮ್ಮ ಶಾಲೆಯ ಲೇಸರ್ ಪ್ರಿಂಟರ್‌ನಲ್ಲೂ ಗೆರೆ ಬರುತ್ತಿತ್ತು. ಡ್ರಮ್ ಬದಲಿಸಿದ ಮೇಲೆ ಸರಿಹೋಯಿತು. ನೀವೂ ಡ್ರಮ್ ನೋಡಿಸಿ.

ಪತ್ರದ ವಿಷಯಕ್ಕೆ ಒಂದು ಮಾತು. ನಾನು ಸಿಟ್ಟಿನಲ್ಲಿ ಮೂರು ಪುಟ ಬರೆದಿದ್ದೆ. ಪರೀಕ್ಷೆ ಹೊತ್ತಿನಲ್ಲಿ ಮಕ್ಕಳಿಗಾದ ತೊಂದರೆ, ಫೋನಿನಲ್ಲಿ ಅವರು ಮಾತಾಡಿದ ರೀತಿ, ಎಲ್ಲವನ್ನೂ. ನಡುವೆ ಒಂದು ಸಾಲು: 'ಅರ್ಜೆಂಟ್ ಇದ್ದಿದ್ದರಿಂದ ಒಮ್ಮೆ ಹೊರಗಡೆ ಟೋನರ್ ರೀಫಿಲ್ ಮಾಡಿಸಬೇಕಾಯಿತು.' ಉತ್ತರ ಬಂದಿದ್ದು ಆ ಒಂದೇ ಸಾಲಿಗೆ. ಹೊರಗಿನ ಟೋನರ್ ಹಾಕಿಸಿದ್ದೀರಿ, ವಾರಂಟಿ ಅನ್ವಯಿಸುವುದಿಲ್ಲ ಅಂತ. ಉಳಿದ ಮೂರು ಪುಟ ಯಾರೂ ಓದಿದಂತೆ ಕಾಣಲಿಲ್ಲ. ಡ್ರಮ್ ಕೆಟ್ಟಿದ್ದು ಆ ಟೋನರ್‌ನಿಂದಲೇನಾ ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ಸುಳ್ಳು ಬರೆಯಿರಿ ಅಂತ ಹೇಳುತ್ತಿಲ್ಲ. ಚಿಕ್ಕದಾಗಿ ಬರೆಯಿರಿ ಅಷ್ಟೇ.

ಹಾಸನದವರು:
ಮೇಷ್ಟ್ರೇ, ಇಂಕ್ ಟ್ಯಾಂಕ್‌ನಲ್ಲಿ ಆ ಥರ ಡ್ರಮ್ ಇರುವುದಿಲ್ಲ. ಇಲ್ಲಿ ಗೆರೆ ಬಂದರೆ ನೋಡಬೇಕಾದ್ದು ಹೆಡ್ಡು, ಇಲ್ಲಾ ಇಂಕ್ ಬರುವ ಟ್ಯೂಬು. ಪತ್ರದ ಬಗ್ಗೆ ನೀವು ಹೇಳಿದ್ದು ಮಾತ್ರ ನೂರಕ್ಕೆ ನೂರು ಸರಿ.

ಹುಬ್ಬಳ್ಳಿಯಿಂದ, ಕಂಪ್ಯೂಟರ್ ಅಂಗಡಿಯವರು:
ಅಕ್ಕಾರ, ಮೂರು ಸಲ ರಿಪೇರಿ ಆದಮೇಲೂ ಸರಿ ಹೋಗದಿದ್ದರೆ ಕಾನೂನಿನ ಪ್ರಕಾರ ಹೊಸ ಪೀಸ್ ಕೊಡಲೇಬೇಕು. ನಿಮಗೆ ನಾಲ್ಕು ಆಗಿದೆ. ಪತ್ರದಲ್ಲಿ ಅದನ್ನೇ ಬರೆಯಿರಿ. ಮತ್ತೆ ಇಂಗ್ಲಿಷ್‌ನಲ್ಲೇ ಬರೆಯಿರಿ, ಕನ್ನಡ ಪತ್ರ ಮೂಲೆಗೆ ಹೋಗುತ್ತದೆ.

ಮೈಸೂರಿನಿಂದ, ಗ್ರಾಹಕರ ದೂರುಗಳಿಗೆ ನೆರವಾಗುವವರು:
ಮೂರು ಸಲದ ಲೆಕ್ಕ ಬಹಳ ಜನ ಹೇಳುತ್ತಾರೆ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅಂಥ ಸಂಖ್ಯೆ ಇಲ್ಲ. ಕೆಲವು ಕಂಪನಿಗಳು ತಮ್ಮೊಳಗೆ ಇಷ್ಟು ಸಲ ಅಂತ ಲೆಕ್ಕ ಇಟ್ಟುಕೊಂಡಿರಬಹುದು, ಅದು ಬೇರೆ ಮಾತು. ಪತ್ರದಲ್ಲಿ 'ಕಾನೂನಿನಂತೆ ಮೂರು ಸಲ' ಅಂತ ಬರೆದರೆ ಓದಿದವರಿಗೆ ನಿಮಗೆ ಕಾನೂನು ಗೊತ್ತಿಲ್ಲ ಅನ್ನುವುದು ಗೊತ್ತಾಗುತ್ತದೆ. ಹಾಗಂತ ಆ ನಾಲ್ಕು ಸಲ ಸುಮ್ನೆ ಅಲ್ಲ. ಅದೇ ತೊಂದರೆ ಮತ್ತೆ ಮತ್ತೆ ಬಂದಿದೆ ಅನ್ನುವುದೇ ವಸ್ತುವಿನಲ್ಲಿ ದೋಷ ಇದೆ ಅನ್ನಲು ನಿಮ್ಮ ಕೈಯಲ್ಲಿರುವ ದೊಡ್ಡ ಸಾಕ್ಷಿ. ದೋಷ ಸಾಬೀತಾದರೆ ಜಿಲ್ಲಾ ಗ್ರಾಹಕ ಆಯೋಗ ಅದನ್ನು ಸರಿಮಾಡಿ ಅನ್ನಬಹುದು, ಬೇರೆ ಕೊಡಿ ಅನ್ನಬಹುದು, ದುಡ್ಡು ವಾಪಸ್ ಕೊಡಿ ಅಂತಲೂ ಅನ್ನಬಹುದು.

ನನಗೆ ಯೋಚನೆ ಆಗಿರುವುದು ಬೇರೆ. ನಿಮ್ಮದು ಅಂಗಡಿ. ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಕಾಯ್ದೆಯ ಲೆಕ್ಕದಲ್ಲಿ ಗ್ರಾಹಕರೇ ಅಲ್ಲ. ಮುಂದೆ ಆಯೋಗಕ್ಕೆ ಹೋದರೆ ಕಂಪನಿ ವಕೀಲರು ಮೊದಲು ಎತ್ತುವ ಮಾತು ಇದೇ. ಅದಕ್ಕೆ ಕಾಯ್ದೆಯೊಳಗೇ ಒಂದು ವಿವರಣೆ ಇದೆ: ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಮಾತ್ರ ಬಳಸಲು ಕೊಂಡಿದ್ದರೆ ಅದು ವ್ಯಾಪಾರದ ಉದ್ದೇಶ ಅಲ್ಲ. ಪತ್ರದ ಮೊದಲ ಪ್ಯಾರಾದಲ್ಲೇ 'ಸ್ವಂತವಾಗಿ ಟೈಪಿಂಗ್ ಕೆಲಸ ಮಾಡಿ ಜೀವನ ನಡೆಸಲು ಕೊಂಡಿದ್ದೇನೆ' ಅಂತ ಬರೆಯಿರಿ. ನಿಜ ಆಗಿದ್ದರೆ ಮಾತ್ರ. 'ನಮ್ಮ ಬಿಸಿನೆಸ್‌ಗೆ ಲಾಸ್ ಆಗಿದೆ' ಅಂತ ಬರೆಯಬೇಡಿ.

ಕೇಳಿದವರು:
ಎಲ್ಲರಿಗೂ ನಮಸ್ಕಾರ. ಅಂಗಡಿಯಲ್ಲಿ ನಾನೇ ಕೂರುವುದು. ಪರೀಕ್ಷೆ ಫೀ ಕಟ್ಟುವ ಸೀಸನ್‌ನಲ್ಲಿ ಮಾತ್ರ ಪಕ್ಕದ ಮನೆ ಹುಡುಗಿ ಬರುತ್ತಾಳೆ, ಅವಳಿಗೆ ಕೂಲಿ ಕೊಡುತ್ತೇನೆ. ಅದರಿಂದ ಏನಾದರೂ ತೊಂದರೆಯಾ?

ಜಾಬ್ ಶೀಟ್ ಮೂರೇ ಇವೆ. ಎರಡನೇ ಸಲ ಕೊಡಲೇ ಇಲ್ಲ. ಆದರೆ ಮೊಬೈಲ್‌ನಲ್ಲಿ ಹುಡುಕಿದರೆ ಆ ಕಾಲ್ ನಂಬರ್‌ನ ಮೆಸೇಜ್ ಸಿಕ್ಕಿತು. ಪುಟ 11,400 ಆಗಿದೆ. ವಾರಂಟಿ ಕಾರ್ಡ್‌ನಲ್ಲಿ ಒಂದು ವರ್ಷ ಅಥವಾ 30,000 ಪುಟ, ಯಾವುದು ಮೊದಲೋ ಅದು ಅಂತಿದೆ. ಇಂಕ್ ಕಂಪನಿಯದ್ದೇ, ಬಿಲ್ಲೂ ಇದೆ, ಖಾಲಿ ಬಾಟಲಿಗಳೂ ಇವೆ. ನಾಜಲ್ ಚೆಕ್ ಹಾಳೆ ಮೂರು ಸಿಕ್ಕವು. ಮೂರರಲ್ಲೂ ಕಪ್ಪು ಪಟ್ಟಿಯ ಎಡಗಡೆ, ಮೇಲಿನಿಂದ ಮೂರು ಮತ್ತು ನಾಲ್ಕನೇ ಗೆರೆ ಇಲ್ಲ.

ಹಾಸನದವರು:
ಮೇಡಂ, ಆ ಮೂರು ಹಾಳೆ ಜೋಪಾನ ಮಾಡಿ. ಪ್ರತಿ ಸಲ ಗೆರೆ ಬೇರೆ ಬೇರೆ ಜಾಗದಲ್ಲಿ ತಪ್ಪಿದ್ದರೆ ಟ್ಯೂಬಿನಲ್ಲಿ ಗಾಳಿ ಸೇರಿದೆ, ಇಂಕ್ ಸರಿಯಾಗಿ ಬರುತ್ತಿಲ್ಲ ಅಂತ ನಾವು ಅನುಮಾನ ಪಡುತ್ತಿದ್ದೆವು. ಅದೇ ಜಾಗ, ಅದೇ ಗೆರೆ ಮೂರು ಸಲವೂ ಇಲ್ಲ ಅಂದರೆ ಸಾಮಾನ್ಯವಾಗಿ ಹೆಡ್‌ನ ಆ ನಾಜಲ್‌ಗಳೇ ಮುಚ್ಚಿವೆ ಅಥವಾ ಸತ್ತಿವೆ. ಕ್ಲೀನಿಂಗ್ ಮಾಡಿದರೆ ಸ್ವಲ್ಪ ದಿನ ಬಂದು ಮತ್ತೆ ಹೋಗುತ್ತದೆ. ಅಂದರೆ ಮೊದಲ ಸಲದಿಂದಲೇ ತೊಂದರೆ ಹೆಡ್‌ನಲ್ಲಿತ್ತು. ಅವರು ಹೆಡ್ ಮುಟ್ಟದೆ ಕ್ಲೀನ್ ಮಾಡಿ ಕಾಲ್ ಮುಗಿಸುತ್ತಾ ಬಂದಿದ್ದಾರೆ.

ಇದರಲ್ಲಿ ನಿಮಗೆ ಇನ್ನೊಂದು ನಷ್ಟವೂ ಇದೆ. ಪ್ರತಿ ಕ್ಲೀನಿಂಗ್‌ಗೂ ಇಂಕ್ ಹೀರಿ ಒಳಗಿನ ಪ್ಯಾಡ್‌ಗೆ ಹೋಗುತ್ತದೆ. ಪ್ಯಾಡ್ ತುಂಬಿದರೆ ಪ್ರಿಂಟರ್ ತಾನೇ ನಿಂತುಬಿಡುತ್ತದೆ, ಅದಕ್ಕೂ ದುಡ್ಡು ಕೇಳುತ್ತಾರೆ.

ಅವರು ಹೇಳಬಹುದಾದ್ದು: ನೀವು ದಿನಾ ಪ್ರಿಂಟ್ ತೆಗೆಯದೆ ಇಂಕ್ ಒಣಗಿದೆ, ಅಥವಾ ಬೇರೆ ಇಂಕ್ ಹಾಕಿದ್ದೀರಿ. ಎಂಟು ತಿಂಗಳಿಗೆ 11,400 ಪುಟ ಅಂದರೆ ದಿನಕ್ಕೆ ನಲವತ್ತೆಂಟರಷ್ಟು. ಒಣಗಲು ಬಿಡುವೆಲ್ಲಿದೆ? ಇಂಕ್‌ಗೆ ಬಿಲ್ಲು ಸಾಕು.

ಭಾಷೆ ನಿಮ್ಮದೇ ಇರಲಿ. ಸೆಂಟರ್‌ನಲ್ಲಿ ಓದುವವರೂ ಕನ್ನಡದವರೇ ಅಲ್ವಾ. ಆದರೆ ಹೊಸ ಪೀಸ್ ಕೊಡುವ ಅಧಿಕಾರ ಸೆಂಟರ್‌ಗೆ ಇರುವುದಿಲ್ಲ, ಅವರು ಗುತ್ತಿಗೆ ಹಿಡಿದವರು. ತೀರ್ಮಾನ ಕಂಪನಿಯದು. ಹುಬ್ಬಳ್ಳಿಯವರು ಹೇಳಿದ್ದು ಅಲ್ಲಿಗೆ ಸರಿ: ಕಂಪನಿಯ ಗ್ರಾಹಕ ವಿಭಾಗಕ್ಕೆ ಇದನ್ನೇ ಇಂಗ್ಲಿಷ್‌ನಲ್ಲಿ ಇಮೇಲ್ ಮಾಡಿ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ. ತಾರೀಖು ನಿಮ್ಮ ಶೀಟ್ ನೋಡಿ ಹಾಕಿಕೊಳ್ಳಿ:

> ವಿಷಯ: ವಾರಂಟಿ ಅವಧಿಯಲ್ಲಿ ಒಂದೇ ದೋಷ ನಾಲ್ಕು ಸಲ ಬಂದಿರುವ ಬಗ್ಗೆ. ಮಾದರಿ: ____ ಸೀರಿಯಲ್ ನಂ: ____
>
> ಮಾನ್ಯರೇ,
>
> ಟೈಪಿಂಗ್ ಕೆಲಸ ಮಾಡಿ ಜೀವನ ನಡೆಸಲು ಈ ಪ್ರಿಂಟರ್ ಅನ್ನು 10-06-2024ರಂದು ಕೊಂಡಿದ್ದೇನೆ. ವಾರಂಟಿ 09-06-2025ರವರೆಗೆ ಇದೆ. ಇವತ್ತಿಗೆ 11,400 ಪುಟ ಆಗಿದೆ, ಮಿತಿ 30,000. ಕಂಪನಿಯ ಇಂಕ್ ಮಾತ್ರ ಬಳಸಿದ್ದೇನೆ.
>
> ಕಪ್ಪು ಮುದ್ರಣದಲ್ಲಿ ಬಿಳಿ ಗೆರೆ ಬರುವ ದೋಷಕ್ಕೆ 20-08-2024, 09-10-2024, 26-11-2024 ಮತ್ತು 22-01-2025ರಂದು ದೂರು ಕೊಟ್ಟಿದ್ದೇನೆ. ಕಾಲ್ ನಂಬರ್‌ಗಳು: ____. ಮೊದಲ ಮೂರು ಸಲ ಹೆಡ್ ಕ್ಲೀನಿಂಗ್ ಮಾತ್ರ ಮಾಡಲಾಗಿದೆ, ಯಾವ ಭಾಗವನ್ನೂ ಬದಲಿಸಿಲ್ಲ. ಎರಡನೇ ಭೇಟಿಯ ಜಾಬ್ ಶೀಟ್ ಕೊಟ್ಟಿಲ್ಲ. ಮೂರು ನಾಜಲ್ ಚೆಕ್ ಹಾಳೆಗಳಲ್ಲೂ ಒಂದೇ ಜಾಗದ ಗೆರೆಗಳು ಇಲ್ಲ.
>
> ನಾಲ್ಕನೇ ಸಲ ಹೆಡ್ ಕೆಟ್ಟಿದೆ ಎಂದು ಹಣ ಕೇಳಿದ್ದೀರಿ. ದೋಷ ವಾರಂಟಿಯೊಳಗೆ ಬಂದಿದ್ದು, ಆಗಲೇ ದೂರು ಕೊಟ್ಟಿದ್ದೇನೆ. ಹಣ ಪಡೆಯದೆ ಹೆಡ್ ಬದಲಿಸಿ. ಅದು ಆಗದಿದ್ದರೆ ಪ್ರಿಂಟರ್ ಬದಲಿಸಿ. ಎರಡೂ ಆಗುವುದಿಲ್ಲ ಎಂದಾದರೆ ಕಾರಣವನ್ನು ಬರಹದಲ್ಲಿ ಕೊಡಿ. ಪತ್ರ ತಲುಪಿದ 15 ದಿನದೊಳಗೆ ಉತ್ತರ ಕೋರುತ್ತೇನೆ.
>
> ಲಗತ್ತು: ಬಿಲ್, ವಾರಂಟಿ ಕಾರ್ಡ್, ಮೂರು ಜಾಬ್ ಶೀಟ್, ಮೆಸೇಜ್‌ನ ಚಿತ್ರ, ನಾಜಲ್ ಚೆಕ್ ಹಾಳೆ, ಇಂಕ್ ಬಿಲ್ (ಎಲ್ಲವೂ ಜೆರಾಕ್ಸ್)

ಕೊನೆಯ ಬೇಡಿಕೆ ಬಿಡಬೇಡಿ. 'ಆಗಲ್ಲ' ಅಂತ ಫೋನಿನಲ್ಲಿ ಹೇಳುವುದು ಸುಲಭ. ಸಹಿ ಹಾಕಿ ಬರೆದುಕೊಡಬೇಕು ಅಂದಾಗ ಮ್ಯಾನೇಜರ್ ಮೇಲಿನವರನ್ನು ಕೇಳುತ್ತಾರೆ. ನಾನೇ ಎಷ್ಟೋ ಸಲ ಕೇಳಿದ್ದೇನೆ.

ಒಂದು ವೇಳೆ ಹೆಡ್ ಬದಲಿಸಲು ಬಂದರೆ ಒಟಿಪಿಯನ್ನು ಕೂಡಲೇ ಕೊಡಬೇಡಿ. ನಾಜಲ್ ಚೆಕ್ ತೆಗೆಸಿ, ಇಪ್ಪತ್ತು ಪುಟ ಅವರ ಎದುರಿಗೇ ಹೊಡೆಸಿ. ಹೆಡ್ ಬದಲಿಸಿದ್ದೇವೆ ಅಂತ ಜಾಬ್ ಶೀಟ್‌ನಲ್ಲಿ ಬರೆಸಿಕೊಳ್ಳಿ. ಹೊಸ ಹೆಡ್‌ಗೆ ಸಾಮಾನ್ಯವಾಗಿ ಹಳೆಯ ವಾರಂಟಿಯ ಉಳಿದ ದಿನ ಮಾತ್ರ ಸಿಗುತ್ತದೆ.

ಮೈಸೂರಿನವರು:
ಪಕ್ಕದ ಮನೆ ಹುಡುಗಿಯ ಪ್ರಶ್ನೆಗೆ: ಒಬ್ಬರು ಸಹಾಯಕ್ಕಿದ್ದ ಮಾತ್ರಕ್ಕೆ ಸ್ವಂತ ದುಡಿಮೆ ಅನ್ನುವುದು ಹೋಗಬಾರದು ಅಂತ ನನ್ನ ಅಭಿಪ್ರಾಯ. ಆದರೆ ಅದು ಆಯಾ ಪ್ರಕರಣ ನೋಡಿ ಆಗುವ ತೀರ್ಮಾನ, ಖಚಿತ ಅಂತ ಹೇಳಲಾರೆ. ಪತ್ರದಲ್ಲಿ ಆ ವಿಷಯ ಬೇಕಿಲ್ಲ, ಮುಂದೆ ಕೇಳಿದರೆ ನಿಜ ಹೇಳಿ.

ಹದಿನೈದು ದಿನ ಆದರೂ ಉತ್ತರ ಇಲ್ಲದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿಂದ ಕಂಪನಿಗೆ ದೂರು ಹೋಗುತ್ತದೆ. ಅವರು ಆದೇಶ ಮಾಡುವುದಿಲ್ಲ, ಮಧ್ಯೆ ನಿಂತು ಮಾತಾಡಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಆಯೋಗ. ನೀವು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕೊಂಡ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು.

ಕೇಳಿದವರು:
ಪತ್ರ ಬರೆದು ಇವತ್ತು ಕೊಡಲು ಹೋಗಿದ್ದೆ. ತಗೊಂಡರು, ಆದರೆ ನನ್ನ ಪ್ರತಿಯ ಮೇಲೆ ಸೀಲ್ ಹಾಕಲು ಒಪ್ಪಲಿಲ್ಲ. 'ಸೀಲ್ ಮ್ಯಾನೇಜರ್ ಹತ್ತಿರ ಇದೆ' ಅಂದರು.

ಹಾಸನದವರು:
ಹಾಗಾದರೆ ಕೊಟ್ಟ ಹಾಗಲ್ಲ ಮೇಡಂ. ಅದೇ ಪತ್ರವನ್ನು ನಾಳೆ ಸ್ಪೀಡ್ ಪೋಸ್ಟ್ ಮಾಡಿ, ಸೆಂಟರ್‌ಗೊಂದು, ಕಂಪನಿಗೊಂದು, ಕೊಂಡ ಅಂಗಡಿಗೊಂದು. ರಸೀದಿಯ ನಂಬರ್ ಹಾಕಿ ತಲುಪಿದ ದಿನ ನೋಡಿಕೊಂಡು ಅದರ ಚಿತ್ರ ತೆಗೆದಿಡಿ. ಹದಿನೈದು ದಿನದ ಲೆಕ್ಕ ಅವತ್ತಿಂದ ಶುರು.