ಸಹಾಯ ಬೇಕು: ಮಂಗನ ಕಾಯಿಲೆ ಸ್ಲೈಡುಗಳಿಂದ ಒಂದು ಹಾಳೆಯ ಕರಪತ್ರ

ನಮಸ್ಕಾರ. ಶಿರಸಿ ಹತ್ತಿರದ ನಮ್ಮೂರಲ್ಲಿ ಡಾಕ್ಟರ್ ಕೊಟ್ಟ ಭಾಷಣದ 32 ಸ್ಲೈಡುಗಳನ್ನು ಒಂದೇ ಹಾಳೆಗೆ ಇಳಿಸುತ್ತಿದ್ದೇನೆ. ಐದನೇ ಕ್ಲಾಸು ಓದಿದವರಿಗೂ ಅರ್ಥವಾಗಬೇಕು. ವೈರಸ್ಸಿನ ಜಾತಿ, 1957ರ ಕ್ಯಾಸನೂರಿನ ಕಥೆ ಎಲ್ಲ ಬಿಟ್ಟೆ.

ಮೊದಲು "ಉಣ್ಣೆ ಕಚ್ಚಿದರೆ ಬರುತ್ತದೆ" ಅಂತ ಬರೆದಿದ್ದೆ. ಪಕ್ಕದ ಮನೆ ಅಕ್ಕ ಓದಿ, "ಉಣ್ಣೆ ಅಂದ್ರೆ ಸ್ವೆಟರ್‌ದಾ?" ಅಂದರು! ಈಗ "ಉಣುಗು" ಅಂತ ಮಾಡಿದ್ದೇನೆ. ಹೊನ್ನಾವರ, ಕುಮಟಾ ಕಡೆಯವರು ಏನಂತೀರಿ?

ಸಿಕ್ಕಿಬಿದ್ದಿರುವುದು "ಬೈಫೇಸಿಕ್" ಅನ್ನೋ ಸ್ಲೈಡಿನಲ್ಲಿ. ಕೆಲವರಿಗೆ ಜ್ವರ ಬಿಟ್ಟು, ಒಂದೆರಡು ವಾರ ಆರಾಮಿದ್ದು, ಮತ್ತೆ ಬರುತ್ತದೆ. ಆಗ ಮಿದುಳಿಗೂ ತೊಂದರೆ ಆಗಬಹುದು. "ಮರುಕಳಿಸುವ ಸಾಧ್ಯತೆಯಿದೆ" ಅಂತ ಬರೆದರೆ ಓದಿದವರು ಸುಮ್ನೆ ಕೂರ್ತಾರೆ. ಹಾಗಾಗಿ ನನ್ನ ಸಾಲು ಹೀಗಿದೆ:

"ಜ್ವರ ಬಿಟ್ಟರೆ ಕಾಯಿಲೆ ಮುಗಿಯಿತು ಅಂತಲ್ಲ. ಮೂರು ವಾರ ಗಮನವಿಡಿ. ಮತ್ತೆ ಜ್ವರ ಬಂದರೆ, ಕೈ ನಡುಗಿದರೆ, ಏನೇನೋ ಮಾತಾಡಿದರೆ ಅವತ್ತೇ ಆಸ್ಪತ್ರೆಗೆ ಹೋಗಿ."

ಡಾಕ್ಟರ್ ಒಪ್ಪಿದ್ದಾರೆ. ನೀವು ಇದನ್ನು ಮನೆಯ ಹಿರಿಯರಿಗೆ ಓದಿ ಹೇಳ್ತೀರಾ? "ಅರ್ಥ ಆಯ್ತಾ" ಅಂತ ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. "ಜ್ವರ ಮತ್ತೆ ಬಂದ್ರೆ ಏನ್ಮಾಡ್ತೀರಿ?" ಅಂತ ಕೇಳಿ, ಅವರು ಹೇಳಿದ್ದನ್ನು ತಿದ್ದದೆ ಇಲ್ಲಿ ಹಾಕಿ. ಸೋಮವಾರ ಪ್ರಿಂಟಿಗೆ ಕೊಡಬೇಕು.